ಜಿಮ್ ಜಾಹೀರಾತು ಮುಂದುವರಿಸೋದಾ, ನಿಲ್ಲಿಸೋದಾ? ಕೌಂಟರ್ ರಿಜಿಸ್ಟರ್ ತೆಗೆದು ನೋಡೋಣ

ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಹಾಕಿರುವ ಜಿಮ್ ಮಾಲೀಕರನ್ನು ಹೇಗೆ ನಡೀತಿದೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಬರುತ್ತದೆ. ಒಂದು, "ಲೀಡ್ ಚೆನ್ನಾಗಿ ಬರ್ತಿದೆ." ಇನ್ನೊಂದು, "ಸುಮ್ನೆ ದುಡ್ಡು ಸುರೀತಿದೀನಿ." ಎರಡೂ ಅಂದಾಜಿನ ಮಾತೇ. ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಎರಡು ಸಂಖ್ಯೆ ಬೇಕು. ಒಬ್ಬ ಹೊಸ ಮೆಂಬರ್‌ನನ್ನು ಬಾಗಿಲಿಗೆ ತರಲು ಆದ ಖರ್ಚು ಮೊದಲನೆಯದು. ಆ ಮೆಂಬರ್ ಇರುವಷ್ಟು ಕಾಲ ಜಿಮ್‌ಗೆ ಉಳಿಸಿಕೊಡುವ ಹಣ ಎರಡನೆಯದು. ಮಾರ್ಕೆಟಿಂಗ್‌ನವರು ಇವನ್ನು ಸಿಎಸಿ, ಎಲ್‌ಟಿವಿ ಎನ್ನುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಸುಲಭ. ಎರಡನ್ನೂ ಸರಿಯಾಗಿ ಹುಡುಕುವುದರಲ್ಲೇ ಕಷ್ಟ ಇರುವುದು.

ಲೆಕ್ಕಕ್ಕೆ ಒಂದು ಜಿಮ್ ಇಟ್ಟುಕೊಳ್ಳೋಣ. ದಾವಣಗೆರೆಯಂಥ ಊರು, ಎರಡನೇ ಮಹಡಿ, ಹೆಚ್ಚೂಕಮ್ಮಿ 2,500 ಚದರಡಿ. ತಿಂಗಳಿಗೆ 1,500 ರೂಪಾಯಿ, ಮೂರು ತಿಂಗಳಿಗೆ 3,600, ವರ್ಷಕ್ಕೆ 10,000. ಅಂಕಿಗಳೆಲ್ಲ ಉದಾಹರಣೆಗೆ ಮಾತ್ರ, ನಿಮ್ಮ ಜಿಮ್‌ನದು ಬೇರೆ ಇರುತ್ತದೆ. ಲೆಕ್ಕ ಹಾಕುವ ದಾರಿ ಮಾತ್ರ ಇದೇ.

125 ರೂಪಾಯಿ ಎಂದು ತೋರಿಸಿದ್ದು 2,000 ಆಗುವುದು ಹೇಗೆ

ಈ ಜಿಮ್ ಮೂರು ತಿಂಗಳಲ್ಲಿ ಜಾಹೀರಾತಿಗೆ 60,000 ಹಾಕಿದೆ. 480 ಲೀಡ್ ಬಂದಿವೆ. ಮೆಟಾದ ಆ್ಯಡ್ಸ್ ಮ್ಯಾನೇಜರ್ ತೆರೆದರೆ Cost per result ಕಾಲಂನಲ್ಲಿ 125 ಎಂದು ಕಾಣುತ್ತದೆ. 125 ರೂಪಾಯಿಗೆ ಒಬ್ಬ ಗಿರಾಕಿ, ಯಾರಿಗೆ ಬೇಡ? ಆದರೆ ಅಲ್ಲಿ 'ರಿಸಲ್ಟ್' ಅಂದರೆ ಫಾರ್ಮ್ ತುಂಬಿದವರು, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಒಂದು 'ಹಾಯ್' ಕಳಿಸಿದವರು. ಕೌಂಟರ್‌ನಲ್ಲಿ ಯಾರು ದುಡ್ಡು ಕಟ್ಟಿದರು ಎಂಬುದು ಆ ಪರದೆಗೆ ಗೊತ್ತೇ ಇಲ್ಲ.

480ರಲ್ಲಿ 190 ಜನ ಫೋನ್ ಎತ್ತಲಿಲ್ಲ, ಅಥವಾ ನಂಬರ್ ಬಳಕೆಯಲ್ಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಇನ್‌ಸ್ಟಾಗ್ರಾಂ ಒಳಗೇ ತೆರೆಯುವ ಫಾರ್ಮ್‌ನಲ್ಲಿ ಹೆಸರು, ನಂಬರ್ ಪ್ರೊಫೈಲ್‌ನಿಂದ ತಾನಾಗೇ ತುಂಬಿಕೊಳ್ಳುತ್ತವೆ. ಪ್ರೊಫೈಲ್‌ನಲ್ಲಿ ಕಾಲೇಜು ದಿನಗಳ ಹಳೇ ನಂಬರ್ ಇದ್ದರೆ ಅದೇ ಬರುತ್ತದೆ. ಹೆಬ್ಬೆರಳು ಎರಡು ಸಲ ಒತ್ತಿದರೆ ಮುಗೀತು, ಏನು ಒತ್ತಿದೆ ಎಂಬ ನೆನಪೂ ಎಷ್ಟೋ ಜನಕ್ಕೆ ಇರಲ್ಲ. ಉಳಿದ 290 ಜನ ಮಾತಾಡಿದರು. 96 ಜನ ಬಂದು ಜಿಮ್ ನೋಡಿ ಹೋದರು. 48 ಜನ ಅಡ್ಮಿಷನ್ ಮಾಡಿಸಿದರು.

ಇನ್ನು ಖರ್ಚು. 60,000ದ ಮೇಲೆ ಮೆಟಾ 18% ಜಿಎಸ್‌ಟಿ ಹಾಕುತ್ತದೆ, ಅದು 10,800. ರೀಲ್ಸ್ ಮಾಡಿ ಜಾಹೀರಾತು ನೋಡಿಕೊಳ್ಳುವ ಹುಡುಗನಿಗೆ ತಿಂಗಳಿಗೆ 6,000ದಂತೆ 18,000. ಕೌಂಟರ್‌ನಲ್ಲಿ ಫಾಲೋಅಪ್ ಮಾಡುವವರಿಗೆ ಒಂದು ಅಡ್ಮಿಷನ್‌ಗೆ 150ರಂತೆ 7,200. ಒಟ್ಟು 96,000. ಅದನ್ನು 48 ಜನಕ್ಕೆ ಹಂಚಿದರೆ ತಲಾ 2,000. ಇದು ನಿಜವಾದ ಸಿಎಸಿ.

ಜಿಎಸ್‌ಟಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳೇ ಲೆಕ್ಕದಲ್ಲೇ ಕೂತವರು ಬಹಳ ಜನ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಶುಲ್ಕದ ಮೇಲಿನ ತೆರಿಗೆ 18ರಿಂದ 5%ಗೆ ಇಳಿಯಿತು. ಆದರೆ ಆ 5% ಇರುವುದು ಇನ್‌ಪುಟ್ ಕ್ರೆಡಿಟ್ ಇಲ್ಲದೆ. ಮೊದಲು ಜಾಹೀರಾತಿನ ಬಿಲ್ ಮೇಲೆ ಕಟ್ಟಿದ 18% ಅನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. ಈಗ ಅದು ಪೂರ್ತಿ ನಮ್ಮ ಕೈಯಿಂದಲೇ ಹೋಗುವ ಖರ್ಚು. ನೋಂದಣಿಯೇ ಇಲ್ಲದ ಸಣ್ಣ ಜಿಮ್‌ಗಂತೂ ಅದು ಯಾವಾಗಲೂ ಖರ್ಚೇ ಆಗಿತ್ತು. ಹಾಗಾಗಿ ಜಾಹೀರಾತಿನ 100 ರೂಪಾಯಿಯನ್ನು 118 ಎಂದೇ ಬರೆದುಕೊಳ್ಳಿ.

ಮೆಂಬರ್‌ನಿಂದ ನಿಜವಾಗಿ ಎಷ್ಟು ಉಳಿಯುತ್ತದೆ

ಈ ಸಂಖ್ಯೆಯಲ್ಲಿ ಮಾಲೀಕರು ತಮಗೆ ತಾವೇ ಆಸೆ ಹುಟ್ಟಿಸಿಕೊಳ್ಳುತ್ತಾರೆ. "ನಮ್ಮಲ್ಲಿ ಆರು ವರ್ಷದಿಂದ ಬರ್ತಿರೋರಿದ್ದಾರೆ, ಒಬ್ಬೊಬ್ಬರು ಅರವತ್ತು ಸಾವಿರ ಕಟ್ಟಿದ್ದಾರೆ" ಎನ್ನುತ್ತಾರೆ. ಇದ್ದಾರೆ, ಒಪ್ಪೋಣ. ಆದರೆ ಅವರು ಕಣ್ಣ ಮುಂದೆ ದಿನಾ ಓಡಾಡುತ್ತಾರೆ. ಒಂದು ತಿಂಗಳು ಬಂದು ಮಾಯವಾದವರು ಕಣ್ಣಿಗೇ ಬೀಳಲ್ಲ.

ಇಂಟರ್ನೆಟ್‌ನಲ್ಲಿ ಸಿಗುವ ಸೂತ್ರವೂ ಇಲ್ಲಿ ಕೈಕೊಡುತ್ತದೆ. ತಿಂಗಳ ಶುಲ್ಕವನ್ನು ಪ್ರತಿ ತಿಂಗಳು ಬಿಟ್ಟುಹೋಗುವವರ ಪ್ರಮಾಣದಿಂದ ಭಾಗಿಸಿ ಎನ್ನುತ್ತದೆ ಅದು. 100ರಲ್ಲಿ 10 ಜನ ಬಿಡುತ್ತಾರೆ ಎಂದುಕೊಂಡರೆ 1,500 ಅನ್ನು 0.10ರಿಂದ ಭಾಗಿಸಿ, ಉತ್ತರ 15,000. ಪ್ರತಿ ತಿಂಗಳೂ ಒಂದೇ ಪ್ರಮಾಣದಲ್ಲಿ ಜನ ಬಿಡುತ್ತಾರೆ ಎಂದು ಈ ಸೂತ್ರ ನಂಬಿದೆ. ಜಿಮ್‌ನಲ್ಲಿ ಹಾಗಾಗಲ್ಲ. ಮೊದಲ ಪ್ಯಾಕೇಜ್ ಮುಗಿದ ದಿನವೇ ದೊಡ್ಡ ಗುಂಪು ಉದುರುತ್ತದೆ, ಅಲ್ಲಿ ಉಳಿದುಕೊಂಡವರು ತುಂಬ ದಿನ ಇರುತ್ತಾರೆ. ಇನ್ನು ವರ್ಷದ ಪ್ಯಾಕೇಜ್ ಕಟ್ಟಿ ಎರಡನೇ ತಿಂಗಳಿಗೇ ಬರುವುದು ಬಿಟ್ಟವನು ಇದ್ದಾನೆ. ಅವನು ಲೆಕ್ಕದಲ್ಲಿ ಮೆಂಬರ್, ಆದರೆ ರಿನ್ಯೂವಲ್‌ಗೆ ಅವನ ಮೇಲೆ ಆಸೆ ಇಟ್ಟುಕೊಳ್ಳುವಂತಿಲ್ಲ.

ಅದಕ್ಕೇ ನನ್ನ ಸಲಹೆ: ಸೂತ್ರ ಬಿಡಿ, ರಿಜಿಸ್ಟರ್ ತೆಗೆಯಿರಿ. ಒಂದು ವರ್ಷ ಹಿಂದೆ, ಇದೇ ಥರದ ಆಫರ್‌ಗೆ ಬಂದವರ ಹೆಸರು ಗುರುತು ಹಾಕಿ. ಅಲ್ಲಿಂದ 12 ತಿಂಗಳಲ್ಲಿ ಅವರೆಲ್ಲರೂ ಸೇರಿ ಎಷ್ಟು ಕಟ್ಟಿದ್ದಾರೆ ಕೂಡಿ. ಬಿಟ್ಟವರನ್ನೂ ಸೇರಿಸಿ ತಲಾ ಎಷ್ಟು ಬಂತು ನೋಡಿ. 12 ತಿಂಗಳಿಗೇ ಯಾಕೆ ನಿಲ್ಲಿಸಬೇಕು ಎಂದು ಕೇಳಬಹುದು. ಎರಡನೇ ವರ್ಷದ ಹಣ ಬಂದರೆ ಬರಲಿ, ಅದನ್ನು ನಂಬಿ ಈ ತಿಂಗಳ ಜಾಹೀರಾತಿಗೆ ಖರ್ಚು ಮಾಡುವುದು ಬೇಡ. ಪಕ್ಕದ ರಸ್ತೆಯಲ್ಲಿ ಇನ್ನೊಂದು ಜಿಮ್ ತೆರೆಯಲು ಎಷ್ಟು ದಿನ ಬೇಕು ಹೇಳಿ?

ನಮ್ಮ ಉದಾಹರಣೆಯ ಜಿಮ್ ಎರಡು ಜಾಹೀರಾತು ಓಡಿಸುತ್ತಿದೆ. ಮೊದಲನೆಯದು "ಮೊದಲ ತಿಂಗಳು ಬರೀ 699." ಎರಡನೆಯದು "ಎರಡು ದಿನ ಫ್ರೀ ಟ್ರಯಲ್, ಆಮೇಲೆ ಮೂರು ತಿಂಗಳಿಗೆ 3,600." ರಿಜಿಸ್ಟರ್‌ನಲ್ಲಿ ಹೋದ ವರ್ಷ ಈ ಎರಡೂ ಆಫರ್‌ಗೆ ಬಂದವರನ್ನು ಬೇರೆ ಬೇರೆ ನೋಡೋಣ.

699ಕ್ಕೆ ಸೇರಿದವರು 40 ಜನ. ಅವರಲ್ಲಿ 26 ಜನ ಆ ತಿಂಗಳ ನಂತರ ಬರಲೇ ಇಲ್ಲ. 9 ಜನ ಇನ್ನೊಂದು ತಿಂಗಳು 1,500 ಕಟ್ಟಿದರು. 5 ಜನ ಎರಡೆರಡು ಸಲ ಮೂರು ತಿಂಗಳ ಪ್ಯಾಕೇಜ್ ತಗೊಂಡರು. ಎಲ್ಲ ಕೂಡಿದರೆ 77,460, ತಲಾ 1,936. ಅದರಲ್ಲಿ 5% ತೆರಿಗೆ ತೆಗೆದರೆ 1,844. ಒಬ್ಬ ಮೆಂಬರ್ ಹೆಚ್ಚಿದ್ದರಿಂದ ಹೆಚ್ಚುವ ಖರ್ಚು, ಅಂದರೆ ಕರೆಂಟು, ನೀರು, ಕ್ಲೀನಿಂಗ್, ಸವಕಳಿ, ತಿಂಗಳಿಗೆ 80 ಎಂದು ಹಿಡಿದರೆ ತಲಾ ಇನ್ನೊಂದು 158 ಹೋಗುತ್ತದೆ. ಉಳಿಯುವುದು 1,686.

3,600ಕ್ಕೆ ಸೇರಿದವರು 20 ಜನ. 11 ಜನ ಮೂರು ತಿಂಗಳಿಗೇ ನಿಲ್ಲಿಸಿದರು. 5 ಜನ ಇನ್ನೊಂದು ಸಲ ಮೂರು ತಿಂಗಳಿಗೆ ಕಟ್ಟಿದರು. 4 ಜನ ವರ್ಷದ ಪ್ಯಾಕೇಜ್‌ಗೆ ಹೋದರು. ಒಟ್ಟು 1,30,000, ತಲಾ 6,500. ತೆರಿಗೆ, ಖರ್ಚು ಕಳೆದು ಉಳಿಯುವುದು 5,698.

ಇಲ್ಲಿ ಬಾಡಿಗೆ, ಟ್ರೈನರ್ ಸಂಬಳ ಕಳೆದಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಈ ಹೊಸ ಮೆಂಬರ್ ಬಂದರೂ ಬರದಿದ್ದರೂ ಆ ಖರ್ಚು ಇದ್ದೇ ಇರುತ್ತದೆ. ಸಿಎಸಿ ಕಳೆದ ಮೇಲೆ ಮಿಕ್ಕ ಹಣದಿಂದಲೇ ಬಾಡಿಗೆ ಕಟ್ಟಬೇಕು. ಪರ್ಸನಲ್ ಟ್ರೈನಿಂಗ್ ಇದ್ದರೆ ಟ್ರೈನರ್ ಪಾಲು ಕೊಟ್ಟು ಜಿಮ್‌ಗೆ ಉಳಿಯುವಷ್ಟನ್ನು ಮಾತ್ರ ಸೇರಿಸಿ. ಮೆಂಬರ್ ಕೊಟ್ಟ ಪೂರ್ತಿ ಪಿಟಿ ಶುಲ್ಕವನ್ನು ಎಲ್‌ಟಿವಿಗೆ ಸೇರಿಸುವವರ ಲೆಕ್ಕ ಯಾವಾಗಲೂ ಸುಂದರವಾಗೇ ಕಾಣುತ್ತದೆ.

ಎರಡು ಜಾಹೀರಾತು ಪಕ್ಕಪಕ್ಕ

ಒಂದು ಅಡ್ಮಿಷನ್‌ಗೆ 150ರ ಇನ್ಸೆಂಟಿವ್ ಬಿಟ್ಟು ಮೂರು ತಿಂಗಳ ಉಳಿದ ಖರ್ಚನ್ನು ಎರಡೂ ಜಾಹೀರಾತಿಗೆ ಅರ್ಧರ್ಧ ಹಂಚಿದೆ ಎನ್ನೋಣ. 48 ಅಡ್ಮಿಷನ್‌ನಲ್ಲಿ 32 ಬಂದಿದ್ದು 699ರ ಜಾಹೀರಾತಿನಿಂದ, 16 ಬಂದಿದ್ದು ಟ್ರಯಲ್ ಜಾಹೀರಾತಿನಿಂದ.

| | 699ರ ಆಫರ್ | ಟ್ರಯಲ್ + 3,600 |
|---|---|---|
| ಅಡ್ಮಿಷನ್ | 32 | 16 |
| ತಲಾ ತಂದ ಖರ್ಚು | 1,538 | 2,925 |
| 12 ತಿಂಗಳಲ್ಲಿ ತಲಾ ಉಳಿಕೆ | 1,686 | 5,698 |
| ಖರ್ಚು ಕಳೆದು ತಲಾ ಮಿಕ್ಕಿದ್ದು | 148 | 2,773 |
| ಒಟ್ಟು ಮಿಕ್ಕಿದ್ದು | ಸುಮಾರು 4,700 | ಸುಮಾರು 44,400 |

ಮೊದಲ ಎರಡು ಸಾಲು ಮಾತ್ರ ನೋಡಿದವನು 699ರ ಆಫರ್‌ಗೇ ಜೈ ಎನ್ನುತ್ತಾನೆ. ಎರಡರಷ್ಟು ಜನ, ಅರ್ಧ ಖರ್ಚು. ಜಾಹೀರಾತು ನೋಡಿಕೊಳ್ಳುವವರು ತಿಂಗಳ ಕೊನೆಗೆ ಕಳಿಸುವ ರಿಪೋರ್ಟ್ ಕೂಡ ಅಲ್ಲಿಗೇ ನಿಲ್ಲುತ್ತದೆ, ಅವರಿಗೆ ಅಲ್ಲಿಂದ ಮುಂದಿನದು ಗೊತ್ತಿರುವುದೂ ಇಲ್ಲ. ಆದರೆ ಆ 32 ಜನರಿಂದ ಇಡೀ ವರ್ಷಕ್ಕೆ ಮಿಕ್ಕಿದ್ದು 4,700. ಒಂದು ಟ್ರೆಡ್‌ಮಿಲ್ ಬೆಲ್ಟ್ ಹೋದರೆ ಅದೂ ಹೋಯಿತು.

ಇನ್ನೊಂದು ವ್ಯತ್ಯಾಸ ಪಟ್ಟಿಯಲ್ಲಿ ಕಾಣಲ್ಲ. ಟ್ರಯಲ್ ಮುಗಿಸಿ ಸೇರುವವನು ಸೇರಿದ ದಿನವೇ 3,600 ಕಟ್ಟುತ್ತಾನೆ. ತೆರಿಗೆ ಕಳೆದು 3,429. ಅವನನ್ನು ತರಲು ಆದ 2,925 ಅವತ್ತೇ ವಾಪಸ್ ಬಂತು. 699 ಕಟ್ಟಿದವನಿಂದ ಅವತ್ತು ಸಿಗುವುದು 666. ಉಳಿದ 870ಕ್ಕೆ ಅವನು ಮತ್ತೆ ಬರುತ್ತಾನಾ ಎಂದು ಕಾಯಬೇಕು. 40ರಲ್ಲಿ 26 ಜನ ಬರಲಿಲ್ಲ ಎಂದು ಆಗಲೇ ನೋಡಿದೆವಲ್ಲ. ಕೈಯಲ್ಲಿ ಹಣ ಕಮ್ಮಿ ಇರುವ ಜಿಮ್‌ಗೆ ಈ ಒಂದು ವ್ಯತ್ಯಾಸವೇ ಸಾಕು.

ಎಲ್‌ಟಿವಿ ಯಾವಾಗಲೂ ಸಿಎಸಿಯ ಮೂರರಷ್ಟು ಇರಬೇಕು ಎಂಬ ಮಾತನ್ನು ನೀವು ಕೇಳಿರಬಹುದು. ಆ ಅಳತೆಯಲ್ಲಿ ನಮ್ಮ ಎರಡೂ ಜಾಹೀರಾತು ಫೇಲ್: ಒಂದು 1.1, ಇನ್ನೊಂದು 1.9. ಆದರೆ ಅದು ತಿಂಗಳ ಚಂದಾದ ಮೇಲೆ ನಡೆಯುವ ಸಾಫ್ಟ್‌ವೇರ್ ಕಂಪನಿಗಳ ಲೋಕದಿಂದ ಬಂದ ಅಳತೆ. ಅಲ್ಲಿ ಹಣ ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಬರುತ್ತದೆ, ಹಾಕಿದ್ದು ವಾಪಸ್ ಬರಲು ಎಷ್ಟೋ ತಿಂಗಳು ಹಿಡಿಯುತ್ತದೆ. ನಮ್ಮ ಜಿಮ್‌ಗಳಲ್ಲಿ ಹಣ ಮುಂಗಡವಾಗಿ ಬರುತ್ತದೆ, ನಾವು ಲೆಕ್ಕ ಹಾಕಿರುವುದೂ 12 ತಿಂಗಳಿಗೆ ಮಾತ್ರ. ಮಧ್ಯಾಹ್ನ ಮಷಿನ್‌ಗಳು ಖಾಲಿ ನಿಂತಿರುವಾಗ ಮೊದಲ ದಿನವೇ ಖರ್ಚು ವಾಪಸ್ ತಂದು, ವರ್ಷದಲ್ಲಿ 2,773 ಮಿಗಿಸುವ ಮೆಂಬರ್ ಬೇಡ ಎನ್ನುವುದು ದಡ್ಡತನ. ಹಾಗಂತ 1.1 ಕೂಡ ಒಂದಕ್ಕಿಂತ ಜಾಸ್ತಿ ಅಲ್ವಾ ಎಂದು 699 ಅನ್ನು ಮುಂದುವರಿಸುವುದೂ ಸರಿಯಲ್ಲ. 148 ರೂಪಾಯಿಯ ಅಂತರ ಅಂದರೆ, ಇನ್ನು ನಾಲ್ಕು ಜನ ಕಮ್ಮಿ ಬಂದರೆ ನಷ್ಟ. ನಾನಾದರೆ ಆ ಜಾಹೀರಾತನ್ನು ಇವತ್ತೇ ನಿಲ್ಲಿಸುತ್ತೇನೆ.

ಆ ಹಣವನ್ನೆಲ್ಲ ಟ್ರಯಲ್ ಜಾಹೀರಾತಿಗೇ ಹಾಕಿದರೆ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಎಡವುವುದೂ ಇಲ್ಲೇ.

ಟ್ರಯಲ್ ಜಾಹೀರಾತಿಗೆ ತಿಂಗಳಿಗೆ 10,000 ಹಾಕಿದಾಗ ಮೂರು ತಿಂಗಳಲ್ಲಿ 16 ಜನ ಬಂದರು. 20,000 ಹಾಕಿದರೆ 32 ಜನ ಬರುತ್ತಾರಾ? ಬರಲ್ಲ. ಜಿಮ್‌ಗೆ ಜನ ಬರುವುದು ಮೂರ್ನಾಲ್ಕು ಕಿಲೋಮೀಟರ್ ಒಳಗಿನಿಂದ. ಆ ಸುತ್ತಿನಲ್ಲಿ ಜಿಮ್ ಸೇರುವ ಮನಸ್ಸಿರುವವರು ಇಷ್ಟೇ ಎಂದಿದೆ. ಮೊದಲ ಹಣಕ್ಕೆ ಅವರು ಸಿಗುತ್ತಾರೆ, ಆಮೇಲಿನ ಹಣಕ್ಕೆ ಅದೇ ಜನ ಅದೇ ರೀಲನ್ನು ಏಳನೇ ಸಲ ನೋಡುತ್ತಾರೆ. ಆ್ಯಡ್ಸ್ ಮ್ಯಾನೇಜರ್‌ನಲ್ಲಿ Frequency ಎಂಬ ಕಾಲಂ ಏರುತ್ತಾ ಹೋಗುವುದು ಇದರ ಗುರುತು.

20,000ಕ್ಕೆ ಏರಿಸಿದಾಗ 16 ಹೋಗಿ 23 ಆಯಿತು ಎಂದುಕೊಳ್ಳೋಣ. ಮೂರು ತಿಂಗಳಿಗೆ ಹೆಚ್ಚಾದ 30,000, ಅದರ ತೆರಿಗೆ, ಏಳು ಜನರ ಇನ್ಸೆಂಟಿವ್ ಸೇರಿ 36,450. ಆ ಏಳು ಜನಕ್ಕೆ ತಲಾ 5,207 ಆಯಿತು. ಉಳಿಕೆ 5,698 ಇರುವುದರಿಂದ ಇನ್ನೂ ನಷ್ಟವಿಲ್ಲ, ಆದರೆ ಲಾಭವೂ ಹೇಳಿಕೊಳ್ಳುವಷ್ಟಿಲ್ಲ.

ಈಗ 30,000ಕ್ಕೆ ಏರಿಸಿ. ಇನ್ನು ನಾಲ್ಕೇ ಜನ ಬಂದರು. ಹೆಚ್ಚಿನ ಖರ್ಚು 36,000, ತಲಾ 9,000. ಆ ಒಬ್ಬೊಬ್ಬರ ಮೇಲೂ 3,300 ನಷ್ಟ. ವಿಚಿತ್ರ ಏನೆಂದರೆ, ರೀಲ್ಸ್ ಹುಡುಗನ 18,000 ಈಗ ಪೂರ್ತಿ ಈ ಜಾಹೀರಾತಿನ ಮೇಲೇ ಬಿದ್ದರೂ, ಒಟ್ಟು ಖರ್ಚನ್ನು ಒಟ್ಟು 27 ಜನಕ್ಕೆ ಹಂಚಿದರೆ ಸಿಎಸಿ 4,750 ಎಂದೇ ಬರುತ್ತದೆ. 5,698ಕ್ಕಿಂತ ಕಮ್ಮಿಯೇ. ಸರಾಸರಿ "ಮುಂದುವರಿಸಿ" ಎನ್ನುತ್ತಿದೆ, ಕೊನೆಯ ಹತ್ತು ಸಾವಿರ ಮಾತ್ರ ಪ್ರತಿ ತಿಂಗಳೂ ನಷ್ಟ ಮಾಡುತ್ತಿದೆ. ಮೊದಲು ಅಗ್ಗವಾಗಿ ಬಂದವರ ಮರೆಯಲ್ಲಿ ಕೊನೆಗೆ ಬಂದವರ ದುಬಾರಿ ಖರ್ಚು ಕಾಣದೆ ಹೋಗುತ್ತದೆ.

ಆದ್ದರಿಂದ ಬಜೆಟ್ ಏರಿಸಿದಾಗಲೆಲ್ಲ ಹಿಂದಿನ ಅವಧಿಗಿಂತ ಎಷ್ಟು ಹೆಚ್ಚು ಖರ್ಚಾಯಿತು, ಎಷ್ಟು ಜನ ಹೆಚ್ಚು ಬಂದರು ಎಂದು ಬೇರೆಯಾಗಿ ಕೇಳಬೇಕು. ಈ ಜಿಮ್ ತಿಂಗಳಿಗೆ 10,000 ಮತ್ತು 20,000ದ ನಡುವೆ ಎಲ್ಲೋ ನಿಲ್ಲಬೇಕು. ನಾನು 12,000ದಿಂದ 15,000 ಎನ್ನುತ್ತೇನೆ, ಯಾಕೆಂದರೆ 20,000ದಲ್ಲಿ ಕೈಗೆ ಹತ್ತುವುದು ಏನೂ ಇಲ್ಲ, ತಲೆನೋವು ಮಾತ್ರ ಜಾಸ್ತಿ.

ಅವರು ಜಾಹೀರಾತಿಲ್ಲದಿದ್ದರೂ ಬರುತ್ತಿದ್ದರಾ?

ಫಾರ್ಮ್ ತುಂಬಿ ಬಂದ 16 ಜನರಲ್ಲಿ ಒಬ್ಬ ಎದುರು ಬೀದಿಯವನು. ದಿನಾ ಬೋರ್ಡ್ ನೋಡುತ್ತಿದ್ದ, ಗೆಳೆಯ ಆಗಲೇ ಇಲ್ಲಿ ಮೆಂಬರ್. ಜಾಹೀರಾತು ಕಂಡಿತು, ಒತ್ತಿದ. ಅವನನ್ನು ಜಾಹೀರಾತು ತಂದಿತು ಎನ್ನುವುದು ಎಷ್ಟು ಸರಿ? ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ರೀಲ್ ನೋಡಿ, ಏನೂ ಒತ್ತದೆ, ವಾರದ ಮೇಲೆ ನೇರ ಮೆಟ್ಟಿಲು ಹತ್ತಿ ಬಂದವಳು ರಿಜಿಸ್ಟರ್‌ನಲ್ಲಿ 'ವಾಕ್‌ಇನ್' ಆಗುತ್ತಾಳೆ. "ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?" ಎಂದು ಕೌಂಟರ್‌ನಲ್ಲಿ ಕೇಳುವುದು ಒಳ್ಳೆಯದೇ, ಆದರೆ ಅರ್ಧ ಜನ ಬಾಯಿಗೆ ಬಂದದ್ದು ಹೇಳುತ್ತಾರೆ.

ಇದಕ್ಕೆ ಇರುವ ಒಂದೇ ನಂಬಬಹುದಾದ ದಾರಿ, ಜಾಹೀರಾತನ್ನು ಒಂದು ತಿಂಗಳು ಪೂರ್ತಿ ನಿಲ್ಲಿಸಿ ಎಲ್ಲ ಬಗೆಯ ಅಡ್ಮಿಷನ್‌ಗಳನ್ನೂ ಒಟ್ಟಿಗೆ ಎಣಿಸುವುದು. ತಿಂಗಳು ಆರಿಸುವಾಗ ಹುಷಾರು. ಜನವರಿಯಲ್ಲಿ ಜಾಹೀರಾತಿಲ್ಲದಿದ್ದರೂ ಜನ ಬರುತ್ತಾರೆ, ಪರೀಕ್ಷೆಯ ಮಾರ್ಚ್‌ನಲ್ಲಿ ಹಾಕಿದರೂ ಹುಡುಗರು ಬರಲ್ಲ, ರಜೆ ಶುರುವಾದರೆ ಮತ್ತೆ ನೂಕುನುಗ್ಗಲು. ಹಬ್ಬ, ಜೋರು ಮಳೆ ಇಲ್ಲದ ಸಾಧಾರಣ ತಿಂಗಳು ನೋಡಿ. ಜಾಹೀರಾತು ಇದ್ದಾಗ ತಿಂಗಳಿಗೆ ಒಟ್ಟು 19 ಅಡ್ಮಿಷನ್ ಆಗುತ್ತಿದ್ದು, ನಿಲ್ಲಿಸಿದಾಗ 16 ಆದರೆ, ಜಾಹೀರಾತು ತಂದದ್ದು ಐದಲ್ಲ, ಮೂರು. ಆಗ 2,925ರ ಸಿಎಸಿ ಸುಮಾರು 5,200 ಆಗಿಬಿಡುತ್ತದೆ. ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಎರಡು ಮೂರು ಜನರ ವ್ಯತ್ಯಾಸ ಸುಮ್ನೆ ಕಾಕತಾಳೀಯವಾಗಿಯೂ ಬರಬಹುದು. ಒಂದು ಸಲದ ಫಲಿತಾಂಶ ನೋಡಿ ಜಾಹೀರಾತು ಕಿತ್ತೆಸೆಯಬೇಡಿ. ಇನ್ನೊಂದು ಸಾಧಾರಣ ತಿಂಗಳಲ್ಲಿ ಮತ್ತೆ ಮಾಡಿ ನೋಡಿ.

ನಿಲ್ಲಿಸುವ ಮುಂಚೆ ಫೋನ್ ನೋಡಿ

ಸಿಎಸಿ ಜಾಸ್ತಿ ಬಂದಾಗ ಬೈಸಿಕೊಳ್ಳುವುದು ಜಾಹೀರಾತು. ತಪ್ಪು ಬೇರೆ ಕಡೆ ಇರುವುದೂ ಉಂಟು. ನಮ್ಮ ಲೆಕ್ಕದಲ್ಲಿ ಮಾತಾಡಿದ 290 ಜನರಲ್ಲಿ ಜಿಮ್‌ಗೆ ಬಂದವರು 96. ಬಂದವರಲ್ಲಿ ಅರ್ಧ ಜನ ಸೇರಿದರು, ಅಂದರೆ ಜಿಮ್‌ನಲ್ಲಾಗಲಿ ದರದಲ್ಲಾಗಲಿ ದೊಡ್ಡ ತೊಂದರೆ ಇಲ್ಲ. ಸೋರುತ್ತಿರುವುದು ಫೋನ್ ಮತ್ತು ಮೆಟ್ಟಿಲ ನಡುವೆ. ರಾತ್ರಿ ಒಂಬತ್ತಕ್ಕೆ ಫಾರ್ಮ್ ತುಂಬಿದವನಿಗೆ ಮರುದಿನ ಮಧ್ಯಾಹ್ನ ಫೋನ್ ಹೋದರೆ ಅವನ ಉತ್ಸಾಹ ಆಗಲೇ ಇಳಿದಿರುತ್ತದೆ. ಅವನು ಪಕ್ಕದ ಜಿಮ್‌ನ ಫಾರ್ಮ್ ಕೂಡ ತುಂಬಿರುತ್ತಾನೆ. ಲೀಡ್ ಬಂದ ಹೊತ್ತು, ಮೊದಲ ಕರೆ ಮಾಡಿದ ಹೊತ್ತು, ಈ ಎರಡು ಕಾಲಂ ಹಾಕಿ ಎರಡು ವಾರ ಬರೆಯಿರಿ. ಬೇಗ ಕರೆ ಹೋದವರಲ್ಲಿ ಎಷ್ಟು ಜನ ಬಂದರು, ತಡವಾದವರಲ್ಲಿ ಎಷ್ಟು ಎಂದು ನಿಮಗೇ ಕಾಣುತ್ತದೆ.

ಫಾರ್ಮ್‌ನ ಬಗೆಯಲ್ಲೂ ಆಯ್ಕೆ ಇದೆ. ಮೆಟಾದಲ್ಲಿ Higher intent ಎಂಬ ಫಾರ್ಮ್ ಆರಿಸಿದರೆ, ಕಳಿಸುವ ಮುಂಚೆ ವಿವರ ಸರಿಯಿದೆಯಾ ಎಂದು ಒಂದು ಹೆಜ್ಜೆ ಹೆಚ್ಚು ಕೇಳುತ್ತದೆ. ಲೀಡ್ ಕಮ್ಮಿಯಾಗುತ್ತದೆ, ಪ್ರತಿ ಲೀಡ್‌ನ ಬೆಲೆ ಏರುತ್ತದೆ. ಹೆದರಬೇಡಿ. ಹೋಲಿಸಬೇಕಾದ್ದು ಲೀಡ್‌ನ ಬೆಲೆ ಅಲ್ಲ, ಅಡ್ಮಿಷನ್‌ನ ಬೆಲೆ.

ಕೊನೆಗೆ, ಇಲ್ಲಿನ ಲೆಕ್ಕವೆಲ್ಲ ಜಾಗ ಇದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಸಂಜೆ ಆರೂವರೆಗೆ ಬೆಂಚ್ ಪ್ರೆಸ್ ಮುಂದೆ ನಾಲ್ಕು ಜನ ಕಾಯುತ್ತಿದ್ದರೆ, ಹೊಸಬನಿಂದ ಹೆಚ್ಚುವ ಖರ್ಚು 80 ರೂಪಾಯಿ ಅಲ್ಲ. ಎರಡು ವರ್ಷದಿಂದ ಬರುತ್ತಿರುವ ಹಳೇ ಮೆಂಬರ್ ರಿನ್ಯೂವಲ್ ಮಾಡದೆ ಹೋದರೆ ಆ 10,000 ಕೂಡ ಇವನ ಖಾತೆಗೇ ಬರೆಯಬೇಕು. ಅಂಥ ಜಿಮ್ ಸಂಜೆಗೆ ಜನ ತರುವ ಜಾಹೀರಾತನ್ನು, ಅನುಪಾತ ಎಷ್ಟೇ ಚೆನ್ನಾಗಿ ಕಂಡರೂ, ನಿಲ್ಲಿಸಬೇಕು. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಬ್ಯಾಚ್‌ಗೆ ಕಮ್ಮಿ ದರದ ಬೇರೆ ಜಾಹೀರಾತು ಹಾಕಿ, ಅದರ ಸಿಎಸಿ, ಉಳಿಕೆ ಎರಡನ್ನೂ ಬೇರೆ ಪುಟದಲ್ಲೇ ಬರೆಯುತ್ತಾ ಹೋಗಬೇಕು.